ರಾವಣ ಹೇಳದೆ ಬಿಟ್ಟ ಹೆಸರು: ರಾಕ್ಷಸ ರಾಜರ ವರಗಳಲ್ಲಿ ಸಂದು ಏಕೆ ಉಳಿಯುತ್ತದೆ?

ಪೌರಾಣಿಕ ಕಥೆಯೊಂದನ್ನು ಪಾಠ ಮಾಡುವಾಗ ತರಗತಿಯಲ್ಲಿ ತಪ್ಪದೆ ಬರುವ ಪ್ರಶ್ನೆಯೊಂದಿದೆ. "ಸರ್, ಬ್ರಹ್ಮ ವರ ಕೊಟ್ಟ ಹಾಗೆ ಮಾಡಿ ಮೋಸ ಮಾಡಿದನಲ್ಲವೇ? ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡ ಹಾಗಾಯಿತು."

ಈ ಪ್ರಶ್ನೆಯನ್ನು ನಕ್ಕು ಬಿಡುವಂತಿಲ್ಲ. ಸಾವಿರಾರು ವರ್ಷ ತಪಸ್ಸು ಮಾಡಿದವನಿಗೆ ಕೊಟ್ಟ ಮಾತು ಕೊನೆಗೆ ಅವನನ್ನೇ ಕೊಲ್ಲುವುದಾದರೆ ಆ ಮಾತಿಗೆ ಬೆಲೆಯೇನು? ಹಿರಣ್ಯಕಶಿಪು, ರಾವಣ, ಮಹಿಷಾಸುರ ಎಲ್ಲರ ಕಥೆಯೂ ಒಂದೇ ರೀತಿ ಮುಗಿಯುತ್ತದೆ. ವರದಲ್ಲಿ ಎಲ್ಲೋ ಒಂದು ಸಂದು ಉಳಿದಿರುತ್ತದೆ, ಸಾವು ಆ ಸಂದಿನಲ್ಲೇ ಒಳಗೆ ಬರುತ್ತದೆ. ಆ ಸಂದನ್ನು ಬಿಟ್ಟವರು ಯಾರು? ಕೊಟ್ಟವನೋ, ಕೇಳಿದವನೋ? ಇದಕ್ಕೆ ಉತ್ತರ ಹುಡುಕಲು ಒಂದು ವರವನ್ನು ಹತ್ತಿರದಿಂದ ನೋಡೋಣ. ಅದು ವಾಲ್ಮೀಕಿ ರಾಮಾಯಣದಲ್ಲಿ ಬರುವ ರಾವಣನ ವರ.

ಗೋಕರ್ಣದಲ್ಲಿ ಮೂವರು ಅಣ್ಣತಮ್ಮಂದಿರು

ಗೋಕರ್ಣವೆಂದರೆ ನಮಗೆ ನೆನಪಾಗುವುದು ಆತ್ಮಲಿಂಗದ ಕಥೆ. ರಾವಣ ತರುತ್ತಿದ್ದ ಲಿಂಗವನ್ನು ಗಣಪತಿ ದನಗಾಹಿ ಹುಡುಗನ ವೇಷದಲ್ಲಿ ಬಂದು ನೆಲಕ್ಕೆ ಇಟ್ಟನೆಂಬುದು ಆ ಕ್ಷೇತ್ರದ ಕಥೆ, ಅದು ವಾಲ್ಮೀಕಿಯಲ್ಲಿಲ್ಲ. ಆದರೆ ರಾವಣ ತಪಸ್ಸಿಗೆ ಕುಳಿತ ಜಾಗ ಗೋಕರ್ಣದ ಆಶ್ರಮ ಎಂದು ವಾಲ್ಮೀಕಿ ರಾಮಾಯಣದ ಉತ್ತರಕಾಂಡವೂ ಹೇಳುತ್ತದೆ. ಅಲ್ಲಿ ಅವನೊಬ್ಬನೇ ಇರಲಿಲ್ಲ. ತಮ್ಮಂದಿರಾದ ಕುಂಭಕರ್ಣ ಮತ್ತು ವಿಭೀಷಣ ಕೂಡ ಜೊತೆಯಲ್ಲೇ ತಪಸ್ಸು ಮಾಡಿದರು. ಒಂದೇ ಜಾಗದಲ್ಲಿ, ಒಬ್ಬನೇ ಬ್ರಹ್ಮನಿಂದ, ಮೂವರು ಮೂರು ಬಗೆಯ ವರ ಪಡೆದರು. ಹೋಲಿಸಿ ನೋಡಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ರಾವಣನ ತಪಸ್ಸು ಹತ್ತು ಸಾವಿರ ವರ್ಷದ್ದು. ಅನ್ನಾಹಾರ ಬಿಟ್ಟು, ಪ್ರತಿ ಸಾವಿರ ವರ್ಷಕ್ಕೆ ತನ್ನ ಒಂದು ತಲೆಯನ್ನು ಕತ್ತರಿಸಿ ಬೆಂಕಿಗೆ ಹಾಕುತ್ತಾನೆ. ಹೀಗೆ ಒಂಬತ್ತು ತಲೆಗಳು ಹೋಗುತ್ತವೆ. ಹತ್ತನೆಯದನ್ನು ಕತ್ತರಿಸಲು ಹೊರಟಾಗ ಬ್ರಹ್ಮ ಬಂದು ಏನು ಬೇಕೆಂದು ಕೇಳುತ್ತಾನೆ.

ರಾವಣ ಮೊದಲು ಕೇಳಿದ್ದು ಒಂದೇ ಒಂದು, ಅಮರತ್ವ. ಪ್ರಾಣಿಗಳಿಗೆ ಸಾವಿನಂಥ ಶತ್ರು ಬೇರೆ ಇಲ್ಲ, ಆದ್ದರಿಂದ ಸಾವೇ ಇಲ್ಲದಂತೆ ಮಾಡು ಎಂದು ಕೇಳುತ್ತಾನೆ. ಬ್ರಹ್ಮ ನೇರವಾಗಿ ಹೇಳುತ್ತಾನೆ: ಅದು ಆಗುವುದಿಲ್ಲ, ಬೇರೆ ಏನಾದರೂ ಕೇಳು.

ಈ ಕ್ಷಣವನ್ನು ಚೆನ್ನಾಗಿ ಗಮನಿಸಿ. ಬ್ರಹ್ಮ ಇಲ್ಲಿ ಏನನ್ನೂ ಮುಚ್ಚಿಡುವುದಿಲ್ಲ. ಕೊಡಲಾಗದ್ದು ಯಾವುದೆಂದು ಮೊದಲೇ ಹೇಳಿಬಿಡುತ್ತಾನೆ. ಆಮೇಲೆ ರಾವಣ ಮಾಡುವ ಕೆಲಸವೇ ಈ ಬಗೆಯ ಎಲ್ಲ ಕಥೆಗಳ ತಿರುಳು. ಇಡಿಯಾಗಿ ಸಿಗದ್ದನ್ನು ಅವನು ಬಿಡಿಬಿಡಿಯಾಗಿ ಪಡೆಯಲು ನೋಡುತ್ತಾನೆ. ಗರುಡ ಜಾತಿಯ ಹಕ್ಕಿಗಳು, ನಾಗರು, ಯಕ್ಷರು, ದೈತ್ಯರು, ದಾನವರು, ರಾಕ್ಷಸರು, ದೇವತೆಗಳು ಇವರಾರೂ ನನ್ನನ್ನು ಕೊಲ್ಲಬಾರದು ಎಂದು ಹೆಸರು ಹೆಸರಾಗಿ ಕೇಳುತ್ತಾನೆ. ಉಳಿದ ಜೀವಿಗಳ ಬಗ್ಗೆ ನನಗೆ ಚಿಂತೆಯಿಲ್ಲ, ಮನುಷ್ಯರು ಮೊದಲಾದವರು ನನಗೆ ಹುಲ್ಲಿಗೆ ಸಮಾನ ಎಂದು ಕೊನೆಯಲ್ಲಿ ತಾನೇ ಸೇರಿಸುತ್ತಾನೆ.

ಬ್ರಹ್ಮ ಆಗಲಿ ಎನ್ನುತ್ತಾನೆ. ಅಷ್ಟೇ ಅಲ್ಲ, ಬೆಂಕಿಗೆ ಹಾಕಿದ ಒಂಬತ್ತು ತಲೆಗಳನ್ನು ಮರಳಿ ಕೊಡುತ್ತಾನೆ. ಬೇಕಾದ ರೂಪ ತಾಳುವ ಶಕ್ತಿಯನ್ನು ರಾವಣ ಕೇಳದಿದ್ದರೂ ಕೊಡುತ್ತಾನೆ. ಮೋಸ ಮಾಡಲು ಬಂದವನು ಕೇಳಿದ್ದಕ್ಕಿಂತ ಹೆಚ್ಚು ಕೊಡುವುದಿಲ್ಲ.

ಪಟ್ಟಿಯ ಹೊರಗೆ ಉಳಿದವರು

ಪ್ರಥಮ ಪಿಯುಸಿಯಲ್ಲಿ ಗಣಿತ ತೆಗೆದುಕೊಂಡವರಿಗೆ ಮೊದಲ ಪಾಠವೇ ಗಣಗಳು. ವಿಶ್ವಗಣದಿಂದ ಒಂದು ಗಣವನ್ನು ತೆಗೆದರೆ ಉಳಿಯುವುದು ಅದರ ಪೂರಕ ಗಣ. ರಾವಣನ ವರವನ್ನು ಹೀಗೇ ಬರೆದು ನೋಡಬಹುದು. ಕೊಲ್ಲಬಲ್ಲ ಎಲ್ಲ ಜೀವಿಗಳೂ ವಿಶ್ವಗಣ. ಅವನು ಹೆಸರಿಸಿದವರು ಒಂದು ಉಪಗಣ. ಹೊರಗೆ ಉಳಿದ ಪೂರಕ ಗಣದಲ್ಲಿ ಮನುಷ್ಯರಿದ್ದಾರೆ, ಕೋತಿಗಳಿವೆ, ಕರಡಿಗಳಿವೆ. ಮುಂದೆ ಲಂಕೆಯ ಮೇಲೆ ದಂಡೆತ್ತಿ ಬಂದ ಸೈನ್ಯವನ್ನು ನೆನಪಿಸಿಕೊಳ್ಳಿ. ಇಬ್ಬರು ಮನುಷ್ಯರು, ಅವರ ಹಿಂದೆ ವಾನರರು ಮತ್ತು ಕರಡಿಗಳು. ಆ ಸೈನ್ಯ ಪೂರಕ ಗಣದಿಂದಲೇ ಎದ್ದು ಬಂದದ್ದು.

ಹಾಗಾದರೆ ರಾವಣ ಮನುಷ್ಯರ ಹೆಸರನ್ನು ಮರೆತನೇ? ಇಲ್ಲ, ಅವನು ಅವರನ್ನು ಹೆಸರಿಸಿಯೇ ಬಿಟ್ಟ. ಮರೆವಿನಿಂದಾದ ತಪ್ಪನ್ನು ನೆನಪಾದಾಗ ಸರಿಪಡಿಸಬಹುದು. ತಿರಸ್ಕಾರದಿಂದಾದ ತಪ್ಪು ತಪ್ಪೆಂದೇ ತೋರುವುದಿಲ್ಲ. ಉತ್ತರಕಾಂಡದ ಮುಂದಿನ ಅಧ್ಯಾಯಗಳು ಇದನ್ನು ಎರಡು ಸಲ ಸಾಬೀತು ಮಾಡುತ್ತವೆ.

ವರ ಪಡೆದ ರಾವಣ ಲೋಕವನ್ನೆಲ್ಲ ಗೆಲ್ಲುತ್ತಾ ಹೋಗುತ್ತಾನೆ. ಕುಬೇರನನ್ನು ಸೋಲಿಸಿ ಪುಷ್ಪಕ ವಿಮಾನ ಕಿತ್ತುಕೊಳ್ಳುತ್ತಾನೆ. ಯಮನ ಮೇಲೂ ಯುದ್ಧಕ್ಕೆ ಹೋಗುತ್ತಾನೆ. ಆದರೆ ನರ್ಮದಾ ತೀರದಲ್ಲಿ ಮಾಹಿಷ್ಮತಿಯ ರಾಜ ಕಾರ್ತವೀರ್ಯಾರ್ಜುನ ಅವನನ್ನು ಹಿಡಿದು ಕಟ್ಟಿಹಾಕುತ್ತಾನೆ. ಅಜ್ಜನಾದ ಪುಲಸ್ತ್ಯ ಋಷಿಯೇ ಬಂದು ಕೇಳಿಕೊಂಡ ಮೇಲೆ ಬಿಡುಗಡೆಯಾಗುತ್ತದೆ. ಆಮೇಲೆ ಕಿಷ್ಕಿಂಧೆಯ ವಾಲಿಯನ್ನು ಕೆಣಕಲು ಹೋದಾಗ, ವಾಲಿ ಅವನನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಸಮುದ್ರದಿಂದ ಸಮುದ್ರಕ್ಕೆ ಹಾರಿ ತನ್ನ ಸಂಧ್ಯಾವಂದನೆ ಮುಗಿಸಿಕೊಂಡು ಬರುತ್ತಾನೆ. ಕಾರ್ತವೀರ್ಯ ಮನುಷ್ಯ, ವಾಲಿ ವಾನರ. ಇಬ್ಬರೂ ಪಟ್ಟಿಯ ಹೊರಗಿನವರು.

ಇವರಿಗೂ ಮುಂಚೆ ಅಯೋಧ್ಯೆಯ ರಾಜ ಅನರಣ್ಯನನ್ನು ರಾವಣ ಯುದ್ಧದಲ್ಲಿ ಕೊಂದಿದ್ದ. ಸಾಯುವಾಗ ಆ ರಾಜ, ನನ್ನ ಇಕ್ಷ್ವಾಕು ವಂಶದಲ್ಲೇ ಹುಟ್ಟುವವನೊಬ್ಬ ನಿನ್ನ ಪ್ರಾಣ ತೆಗೆಯುತ್ತಾನೆ ಎಂದು ಶಪಿಸಿದ್ದ. ಅಂದರೆ ಸಂದು ಎಲ್ಲಿದೆಯೆಂದು ರಾವಣನಿಗೆ ಒಬ್ಬ ಬಾಯಿಬಿಟ್ಟು ಹೇಳಿದ, ಇಬ್ಬರು ಮಾಡಿ ತೋರಿಸಿದರು. ಅವನು ಏನು ಮಾಡಿದ? ವಾಲಿಯೊಂದಿಗೆ ಸ್ನೇಹ ಮಾಡಿಕೊಂಡು ಲಂಕೆಗೆ ಮರಳಿದ, ಹಳೆಯ ದಾರಿಯಲ್ಲೇ ನಡೆದ. ಮನುಷ್ಯರೆಂದರೆ ಹುಲ್ಲು ಎಂಬ ಲೆಕ್ಕ ಬದಲಾಗಲಿಲ್ಲ. ಕೊನೆಗೆ ಮನುಷ್ಯನೊಬ್ಬನ ಹೆಂಡತಿಯನ್ನೇ ಕದ್ದು ತಂದ.

ಕೊಟ್ಟ ಮಾತು ದೇವರಿಗೂ ಕಟ್ಟು

ಈಗ ಇನ್ನೊಂದು ಕಡೆಯಿಂದ ನೋಡೋಣ. ಬಾಲಕಾಂಡದಲ್ಲಿ ದೇವತೆಗಳು ಬ್ರಹ್ಮನ ಬಳಿ ದೂರು ತರುತ್ತಾರೆ. ನೀನು ಕೊಟ್ಟ ವರದಿಂದ ರಾವಣ ನಮ್ಮನ್ನು ಪೀಡಿಸುತ್ತಿದ್ದಾನೆ, ನಮ್ಮಿಂದ ಏನೂ ಮಾಡಲಾಗುತ್ತಿಲ್ಲ ಎನ್ನುತ್ತಾರೆ. ಕೊಟ್ಟ ವರವನ್ನು ಬ್ರಹ್ಮ ಹಿಂದಕ್ಕೆ ತೆಗೆದುಕೊಳ್ಳಬಹುದಿತ್ತಲ್ಲ? ಅವನು ಹಾಗೆ ಮಾಡುವುದಿಲ್ಲ. ರಾವಣ ಏನೇನು ಕೇಳಿದ್ದನೆಂದು ನೆನಪಿಸಿಕೊಂಡು, ತಿರಸ್ಕಾರದಿಂದ ಮನುಷ್ಯರ ಹೆಸರನ್ನು ಹೇಳಲಿಲ್ಲ, ಆದ್ದರಿಂದ ಅವನ ಸಾವು ಮನುಷ್ಯನಿಂದಲೇ ಎಂದು ಹೇಳುತ್ತಾನೆ. ಆಗ ದೇವತೆಗಳು ವಿಷ್ಣುವನ್ನು ಮನುಷ್ಯನಾಗಿ ಹುಟ್ಟಬೇಕೆಂದು ಕೇಳಿಕೊಳ್ಳುತ್ತಾರೆ.

ಮನುಷ್ಯನ ವೇಷ ಹಾಕಿ ಬಂದರೆ ಸಾಲದು. ವೇಷದ ಒಳಗೆ ದೇವರೇ ಇದ್ದು ಕೊಂದರೆ, ದೇವತೆಗಳು ಕೊಲ್ಲಬಾರದು ಎಂಬ ಮಾತು ಮುರಿದಂತೆ. ಆದ್ದರಿಂದ ರಾಮ ತಾಯಿಯ ಹೊಟ್ಟೆಯಲ್ಲಿ ಹುಟ್ಟುತ್ತಾನೆ, ಕಾಡಿಗೆ ಹೋಗುತ್ತಾನೆ, ಹೆಂಡತಿಯನ್ನು ಕಳೆದುಕೊಂಡು ಗಿಡಮರಗಳನ್ನು ಕೇಳುತ್ತಾ ಅಳುತ್ತಾನೆ. ಇಂದ್ರಜಿತುವಿನ ಬಾಣಗಳಿಗೆ ಸಿಕ್ಕಿ ನೆಲಕ್ಕೆ ಬೀಳುತ್ತಾನೆ. ರಾವಣ ಸತ್ತ ಮೇಲೆ, ಸೀತೆಯ ಅಗ್ನಿಪರೀಕ್ಷೆಯ ಹೊತ್ತಿಗೆ ದೇವತೆಗಳು ಬಂದು ನೀನು ಯಾರೆಂದು ನಿನಗೆ ಮರೆತಿತೇ ಎಂದು ಕೇಳಿದಾಗ, ರಾಮ ನಾನು ನನ್ನನ್ನು ಮನುಷ್ಯನೆಂದೇ, ದಶರಥನ ಮಗನೆಂದೇ ತಿಳಿದಿದ್ದೇನೆ ಎನ್ನುತ್ತಾನೆ. ಯುದ್ಧಕಾಂಡದ ಈ ಮಾತು ಬರುವ ಜಾಗ ಮುಖ್ಯ. ರಾವಣ ಸಾಯುವವರೆಗೂ ದೇವತೆಗಳು ರಾಮನಿಗೆ ಈ ವಿಷಯ ಹೇಳಲು ಬರಲಿಲ್ಲ. ಹಾಗೆ ನೋಡಿದರೆ ವರವನ್ನು ಅಕ್ಷರಶಃ ಪಾಲಿಸಲು ಹೆಚ್ಚು ಕಷ್ಟಪಟ್ಟವರು ಕೊಟ್ಟ ಕಡೆಯವರೇ.

ರಾವಣನ ಪಟ್ಟಿಯಲ್ಲಿ ಇನ್ನೊಂದು ಸಂದೂ ಇದೆ. ಯಾರು ಕೊಲ್ಲಬಾರದು ಎಂದು ಕೇಳಿದನೇ ಹೊರತು, ಯಾವ ಆಯುಧದಿಂದ ಎಂದು ಕೇಳಲಿಲ್ಲ. ಯುದ್ಧಕಾಂಡದಲ್ಲಿ ಅವನ ಎದೆಯನ್ನು ಸೀಳಿದ ಬಾಣ ಅಗಸ್ತ್ಯ ಋಷಿ ರಾಮನಿಗೆ ಕೊಟ್ಟಿದ್ದದ್ದು. ಅದನ್ನು ಹಿಂದೆ ಇಂದ್ರನಿಗಾಗಿ ಮಾಡಿದವನು ಬ್ರಹ್ಮ. ವರ ಕೊಟ್ಟವನ ಬಾಣವೇ ಬಂತು, ಆದರೆ ಬಿಟ್ಟ ಕೈ ಮನುಷ್ಯನದು. ಮಾತು ಮುರಿಯಲಿಲ್ಲ.

ಹಿರಣ್ಯಕಶಿಪುವಿನ ಜಾಣತನ

ಇಷ್ಟು ಓದಿದ ಮೇಲೆ ನಿಮಗೆ ಅನಿಸಬಹುದು: ರಾವಣ ಪಟ್ಟಿಯನ್ನು ಇನ್ನಷ್ಟು ಉದ್ದ ಮಾಡಿದ್ದರೆ ಬದುಕುತ್ತಿದ್ದನಲ್ಲವೇ? ಆ ಪ್ರಯೋಗ ಮಾಡಿದವನು ಭಾಗವತದ ಏಳನೆಯ ಸ್ಕಂಧದ ಹಿರಣ್ಯಕಶಿಪು. ಅವನು ತಪಸ್ಸಿಗೆ ಹೊರಟದ್ದು ಮುಪ್ಪು ಸಾವು ಎರಡೂ ಇಲ್ಲದವನಾಗಬೇಕೆಂಬ ಆಸೆಯಿಂದ. ಆದರೆ ಬ್ರಹ್ಮ ಎದುರು ನಿಂತಾಗ, ಅದನ್ನು ನೇರವಾಗಿ ಕೇಳಿದರೆ ಸಿಗದೆಂದು ತಿಳಿದವನ ಹಾಗೆ, ಪಟ್ಟಿ ಕೊಡುತ್ತಾನೆ. ನೀನು ಸೃಷ್ಟಿಸಿದ ಯಾವ ಜೀವಿಯಿಂದಲೂ ಸಾವು ಬೇಡ. ಒಳಗೂ ಬೇಡ, ಹೊರಗೂ ಬೇಡ. ಹಗಲೂ ಬೇಡ, ರಾತ್ರಿಯೂ ಬೇಡ. ನೆಲದ ಮೇಲೆ ಬೇಡ, ಆಕಾಶದಲ್ಲಿ ಬೇಡ. ಆಯುಧದಿಂದ ಬೇಡ. ಮನುಷ್ಯನಿಂದ ಬೇಡ, ಮೃಗದಿಂದ ಬೇಡ. ಜೀವವಿರುವುದರಿಂದ ಬೇಡ, ಜೀವವಿಲ್ಲದ್ದರಿಂದಲೂ ಬೇಡ.

ಇವನು ರಾವಣನ ಹಾಗೆ ಯಾರನ್ನೂ ಕಡೆಗಣಿಸಲಿಲ್ಲ. ಎಲ್ಲವನ್ನೂ ಜೋಡಿ ಜೋಡಿಯಾಗಿ ಹೇಳಿದ. ಜೋಡಿಯ ಎರಡೂ ತುದಿ ಮುಚ್ಚಿದರೆ ನಡುವೆ ಏನೂ ಉಳಿಯದು ಎಂಬುದು ಅವನ ಲೆಕ್ಕ. ತರ್ಕಶಾಸ್ತ್ರ ಓದುವವರು ಇಲ್ಲಿ ತಪ್ಪನ್ನು ಹಿಡಿಯಬಲ್ಲಿರಿ. "ಹಗಲು" ಎಂಬುದಕ್ಕೆ ಪೂರ್ತಿ ಎದುರಾದದ್ದು "ಹಗಲಲ್ಲದ್ದು". ರಾತ್ರಿ ಅದರ ಒಂದು ಭಾಗ ಮಾತ್ರ. ಹಗಲು ಮತ್ತು ಹಗಲಲ್ಲದ್ದು ಎರಡನ್ನೂ ಸೇರಿಸಿದರೆ ಏನೂ ಉಳಿಯುವುದಿಲ್ಲ. ಹಗಲು ಮತ್ತು ರಾತ್ರಿಯನ್ನು ಸೇರಿಸಿದರೆ ಮುಸ್ಸಂಜೆ ಉಳಿಯುತ್ತದೆ. ಒಳಗೆ ಹೊರಗೆ ಎಂದರೆ ಹೊಸ್ತಿಲು ಉಳಿಯುತ್ತದೆ. ನೆಲ ಆಕಾಶ ಎಂದರೆ ತೊಡೆ ಉಳಿಯುತ್ತದೆ. ಮನುಷ್ಯ ಮೃಗ ಎಂದರೆ ಎರಡೂ ಆದ, ಎರಡೂ ಅಲ್ಲದ ನರಸಿಂಹ ಉಳಿಯುತ್ತಾನೆ. ಜೀವವಿರುವುದು ಇಲ್ಲದ್ದು ಎಂದರೆ ಉಗುರು ಉಳಿಯುತ್ತದೆ, ಬೆಳೆಯುತ್ತದೆ ಆದರೆ ಕತ್ತರಿಸಿದರೆ ನೋಯುವುದಿಲ್ಲ. ಅದು ಆಯುಧವೂ ಅಲ್ಲ. ಇನ್ನು ನರಸಿಂಹ ವಿಷ್ಣುವೇ ಆದ್ದರಿಂದ ಬ್ರಹ್ಮನ ಸೃಷ್ಟಿಯೂ ಅಲ್ಲ.

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯಲ್ಲಿ ಉಗ್ರನರಸಿಂಹನ ಶಿಲ್ಪವಿದೆ. ಪ್ರವಾಸಕ್ಕೆ ಹೋದಾಗ ಅದರ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಸಿಂಹದ ಮುಖ, ಮನುಷ್ಯನ ಮೈ, ತೊಡೆಯ ಮೇಲೆ ಮಲಗಿಸಿದ ದೇಹ, ಬಗೆಯುವ ಉಗುರು. ಶಿಲ್ಪಿ ಕೆತ್ತಿರುವುದು ಒಂದು ವಧೆಯನ್ನು ಮಾತ್ರವಲ್ಲ, ವರದ ಒಂದೊಂದು ಷರತ್ತಿಗೆ ಒಂದೊಂದು ಉತ್ತರವನ್ನು.

ಸಂದು ಯಾವಾಗಲೂ ಏಕೆ ಉಳಿಯುತ್ತದೆ?

ಈಗ ಎರಡು ಬಗೆಯ ಸಂದುಗಳು ಸಿಕ್ಕಿವೆ. ಒಂದು, ಹೊರಗೆ ಬಿಟ್ಟದ್ದು, ರಾವಣನ ವರದಲ್ಲಿ ಇರುವಂಥದ್ದು. ದೇವೀ ಭಾಗವತದ ಮಹಿಷಾಸುರನದೂ ಇದೇ ಜಾತಿ. ಗಂಡಸಿನಿಂದ ಸಾವು ಬೇಡ ಎಂದು ಕೇಳಿದ, ಹೆಂಗಸು ಅಬಲೆ, ಅವಳಿಂದ ಭಯವಿಲ್ಲ ಎಂದುಕೊಂಡ. ಮೈಸೂರಿನ ಹೆಸರಿನೊಳಗೇ ಉಳಿದಿರುವ ಈ ಅಸುರ ಸತ್ತದ್ದು ದೇವಿಯ ಕೈಯಲ್ಲಿ. ಇನ್ನೊಂದು, ನಡುವೆ ಉಳಿದದ್ದು, ಹಿರಣ್ಯಕಶಿಪುವಿನ ವರದಲ್ಲಿ ಇರುವಂಥದ್ದು.

ಹಿರಣ್ಯಕಶಿಪು ಇನ್ನೂ ಜಾಣನಾಗಿ "ಹಗಲಲ್ಲೂ ಬೇಡ, ಹಗಲಲ್ಲದ ಹೊತ್ತಿನಲ್ಲೂ ಬೇಡ" ಎಂದು ಕೇಳಿದ್ದರೆ? ಆಗ ಅವನು ಕೇಳಿದ್ದು "ಯಾವ ಹೊತ್ತಿನಲ್ಲೂ ಸಾವು ಬೇಡ" ಎಂದಾಗುತ್ತಿತ್ತು. ಅದು ಅಮರತ್ವವೇ. ರಾವಣನಿಗೆ ಬ್ರಹ್ಮ ಕೊಡಲಾರೆ ಎಂದದ್ದು ಅದನ್ನೇ. ಆದ್ದರಿಂದ ಇಲ್ಲೊಂದು ನಿಯಮ ಕಾಣುತ್ತದೆ. ಸಂದು ಇಲ್ಲದ ಪಟ್ಟಿ ಎಂದರೆ ಅಮರತ್ವ, ಅದು ಸಿಗುವುದಿಲ್ಲ. ಸಿಗುವ ಪಟ್ಟಿ ಯಾವುದೇ ಆಗಲಿ, ಅದರಲ್ಲಿ ಸಂದು ಇರಲೇಬೇಕು. ಬ್ರಹ್ಮ ಸಂದನ್ನು ಕದ್ದು ಇಟ್ಟದ್ದಲ್ಲ. ಕೊಡಲಾಗದ್ದನ್ನು ಬೇರೆ ಹೆಸರಿನಲ್ಲಿ ಕೇಳಿದಾಗ ಅದು ತಾನಾಗಿಯೇ ಉಳಿಯುತ್ತದೆ. ಎಲ್ಲಿ ಉಳಿಯುತ್ತದೆ ಎಂಬುದನ್ನು ಮಾತ್ರ ಕೇಳುವವನ ಸ್ವಭಾವ ನಿರ್ಧರಿಸುತ್ತದೆ. ರಾವಣ ಯಾರನ್ನು ಕೀಳೆಂದು ಕಂಡನೋ ಅಲ್ಲಿ, ಹಿರಣ್ಯಕಶಿಪು ತನ್ನ ಬುದ್ಧಿ ಎಲ್ಲಿ ಸಾಕೆಂದುಕೊಂಡನೋ ಅಲ್ಲಿ.

ಉಳಿದ ಇಬ್ಬರು ತಮ್ಮಂದಿರು

ಗೋಕರ್ಣದಲ್ಲಿ ಇನ್ನಿಬ್ಬರು ಕಾಯುತ್ತಿದ್ದಾರೆ. ಅವರನ್ನು ಬಿಟ್ಟರೆ ಉತ್ತರ ಅರ್ಧವಾಗುತ್ತದೆ.

ಕುಂಭಕರ್ಣನ ಸರದಿ ಬಂದಾಗ ದೇವತೆಗಳು ಅಡ್ಡ ಬರುತ್ತಾರೆ. ಇವನು ವರವಿಲ್ಲದೆಯೇ ಎಷ್ಟೋ ಜನರನ್ನು ತಿಂದಿದ್ದಾನೆ, ವರ ಸಿಕ್ಕರೆ ಮೂರು ಲೋಕವೂ ಉಳಿಯದು ಎನ್ನುತ್ತಾರೆ. ಬ್ರಹ್ಮ ಸರಸ್ವತಿಯನ್ನು ಕರೆದು ಅವನ ನಾಲಿಗೆಯ ಮೇಲೆ ಕೂರಿಸುತ್ತಾನೆ. ಕುಂಭಕರ್ಣ ಅನೇಕ ವರ್ಷಗಳ ನಿದ್ದೆ ಕೇಳಿಬಿಡುತ್ತಾನೆ. ಎಚ್ಚೆತ್ತಾಗ, ನನ್ನ ಬಾಯಿಂದ ಇಂಥ ಮಾತು ಹೇಗೆ ಬಂತು ಎಂದು ದುಃಖಿಸುತ್ತಾನೆ. ಮೋಸದ ಪ್ರಶ್ನೆ ಕೇಳಿದ ವಿದ್ಯಾರ್ಥಿಗೆ ನಾವು ಇಲ್ಲಿ ಹೌದು ಎನ್ನಲೇಬೇಕು. ಇದು ಸಂದು ಅಲ್ಲ, ಕೇಳುವವನ ಬಾಯನ್ನೇ ತಿರುಗಿಸಿದ್ದು. ಲೋಕವನ್ನು ಉಳಿಸಲು ಮಾಡಿದ್ದೆಂದು ಕಥೆ ಕಾರಣ ಕೊಡುತ್ತದೆ, ಆದರೆ ಅದನ್ನು ಮುಚ್ಚಿಡುವುದಿಲ್ಲ. ಕುಂಭಕರ್ಣನ ವರವನ್ನೂ ರಾವಣನ ವರವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ವಿಭೀಷಣ ಪಟ್ಟಿ ಕೊಡಲಿಲ್ಲ. ಎಂಥ ಕಷ್ಟ ಬಂದರೂ ನನ್ನ ಮನಸ್ಸು ಧರ್ಮದಲ್ಲೇ ನಿಲ್ಲಲಿ ಎಂದು ಕೇಳಿಕೊಂಡ. ಬ್ರಹ್ಮ ಅದನ್ನು ಕೊಟ್ಟು, ರಾಕ್ಷಸ ಕುಲದಲ್ಲಿ ಹುಟ್ಟಿಯೂ ನಿನ್ನ ಬುದ್ಧಿ ಅಧರ್ಮಕ್ಕೆ ಹೋಗಲಿಲ್ಲ, ಆದ್ದರಿಂದ ನಿನಗೆ ಅಮರತ್ವವನ್ನೂ ಕೊಡುತ್ತೇನೆ ಎಂದ. ಅಣ್ಣ ಒಂಬತ್ತು ತಲೆ ಕೊಟ್ಟರೂ ಸಿಗದಿದ್ದದ್ದು ತಮ್ಮನಿಗೆ ಕೇಳದೆ ಬಂತು. ಅಮರತ್ವ ಯಾರಿಗೂ ಸಿಗುವುದೇ ಇಲ್ಲವೆಂದು ಈ ಕಥೆ ಹೇಳುತ್ತಿಲ್ಲ. ಬೇರೆಯವರನ್ನು ತುಳಿಯುವಾಗ ತನಗೆ ಏನೂ ಆಗಬಾರದೆಂದು ಕೇಳುವವನಿಗೆ ಅದು ಸಿಗುವುದಿಲ್ಲ ಎನ್ನುತ್ತಿದೆ.

ರಾವಣ ಸತ್ತದ್ದು ಸಂದಿನಿಂದ ಎನ್ನುವುದು ಪೂರ್ತಿ ಸರಿಯಲ್ಲ ಎಂಬುದೂ ಇಲ್ಲಿಂದ ತಿಳಿಯುತ್ತದೆ. ಅವನ ವರದಲ್ಲಿ ಸಂದು ಮೊದಲ ದಿನದಿಂದಲೇ ಇತ್ತು. ಕಾರ್ತವೀರ್ಯನ ಕೈಯಲ್ಲೇ ಸಾಯಬಹುದಿತ್ತು, ವಾಲಿಯ ಕಂಕುಳಲ್ಲೇ ಸಾಯಬಹುದಿತ್ತು, ಸಾಯಲಿಲ್ಲ. ಸೀತೆಯನ್ನು ಹಿಂದಕ್ಕೆ ಕಳಿಸು ಎಂದು ವಿಭೀಷಣ ಹೇಳಿದಾಗ ಕೇಳಿದ್ದರೆ ಆ ಸಂದು ಹಾಗೆಯೇ ಇರುತ್ತಿತ್ತು, ಯಾರೂ ಅದರೊಳಗೆ ಕಾಲಿಡುತ್ತಿರಲಿಲ್ಲ. ಸಾವು ಯಾವ ದಾರಿಯಲ್ಲಿ ಬರಬಹುದು ಎಂಬುದನ್ನು ವರದ ಮಾತುಗಳು ಹೇಳುತ್ತವೆ. ಅದನ್ನು ಆ ದಾರಿಯಲ್ಲಿ ಕರೆದು ತಂದದ್ದು ಅವನ ನಡತೆ.

ಅಭ್ಯಾಸಕ್ಕೆ

1. ಶಿವನ ಮಗನಿಂದ ಮಾತ್ರ ತನಗೆ ಸಾವು ಬರಲಿ ಎಂದು ತಾರಕಾಸುರ ಕೇಳಿದ ಕಥೆಯಿದೆ. ಆಗ ಶಿವ ಸತಿಯನ್ನು ಕಳೆದುಕೊಂಡು ತಪಸ್ಸಿನಲ್ಲಿದ್ದ. ಈ ಸಂದು ಹೊರಗೆ ಬಿಟ್ಟದ್ದೇ, ನಡುವೆ ಉಳಿದದ್ದೇ, ಅಥವಾ ಮೂರನೆಯ ಬಗೆಯದೇ?

2. ತಾನು ಯಾರ ತಲೆಯ ಮೇಲೆ ಕೈಯಿಟ್ಟರೂ ಅವರು ಬೂದಿಯಾಗಲಿ ಎಂದು ಕೇಳಿದ ಭಸ್ಮಾಸುರನ ವರದಲ್ಲಿ "ಯಾರ" ಎಂಬ ಪದದೊಳಗೆ ಯಾರೆಲ್ಲ ಸೇರುತ್ತಾರೆ?

3. ಬಲಿ ಚಕ್ರವರ್ತಿ ವಾಮನನಿಗೆ ಮೂರು ಹೆಜ್ಜೆ ನೆಲ ಕೊಟ್ಟು ರಾಜ್ಯ ಕಳೆದುಕೊಂಡ. ಅವನ ಪತನವನ್ನು ಈ ಲೇಖನದ ನಿಯಮ ವಿವರಿಸುತ್ತದೆಯೇ? ಇಲ್ಲವಾದರೆ, ಏಕೆ? (ಸುಳುಹು: ಇಲ್ಲಿ ಕೇಳಿದವನು ಯಾರು, ಕೊಟ್ಟವನು ಯಾರು ಎಂದು ಮೊದಲು ಬರೆದುಕೊಳ್ಳಿ.)